ವಾಕ್ಯದಿಂದ ಚಿತ್ರಶೋಧ: ಒಂದು ವಿಮರ್ಶೆ

ವಾಕ್ಯವೊಂದನ್ನು ಕೊಟ್ಟರೆ ಅದಕ್ಕೆ ಹೊಂದುವ ಚಿತ್ರಗಳನ್ನು ಆರಿಸಿಕೊಡುವ ಗಣಕಪದ್ಧತಿಗಳಲ್ಲಿ, 2021ರಲ್ಲಿ ಅಮೆರಿಕದ ಓಪನ್‌ಎಐ ಸಂಸ್ಥೆಯು ಪ್ರಕಟಿಸಿದ ‘ಕ್ಲಿಪ್’ ಎಂಬುದು ಪ್ರಸಿದ್ಧವಾದುದು. ಚಿತ್ರಭಂಡಾರಗಳನ್ನು ಆಕರವಾಗಿ ಬಳಸುವ ಇತಿಹಾಸಾಭ್ಯಾಸಿಗಳು ಇದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಈ ಪದ್ಧತಿಗೆ ಎರಡು ಅಂಗಗಳುಂಟು. ಒಂದು ಚಿತ್ರವನ್ನೂ ಮತ್ತೊಂದು ವಾಕ್ಯವನ್ನೂ ಸಂಖ್ಯೆಗಳ ಸಾಲಾಗಿ ಮಾರ್ಪಡಿಸುತ್ತವೆ. ಇದರ ಒಂದು ರೂಪದಲ್ಲಿ ಆ ಸಾಲಿನ ಉದ್ದ 512. ಎರಡು ಸಾಲುಗಳೂ ಒಂದೇ ಆಕಾಶದಲ್ಲಿನ ದಿಕ್ಕುಗಳೆಂದು ಭಾವಿಸಿ, ಅವುಗಳ ನಡುವಣ ಕೋನ ಕಿರಿದಾದಷ್ಟೂ ಹೊಂದಾಣಿಕೆ ಹೆಚ್ಚೆಂದು ಎಣಿಸಲಾಗುತ್ತದೆ. ಸುಮಾರು 40 ಕೋಟಿ ಚಿತ್ರ-ಶೀರ್ಷಿಕೆಗಳ ಜೋಡಿಗಳಿಂದ ಇದಕ್ಕೆ ಶಿಕ್ಷಣ ದೊರೆಯಿತು. ಪ್ರತಿ ಹಂತದಲ್ಲಿಯೂ 32,768 ಜೋಡಿಗಳನ್ನು ತೆಗೆದುಕೊಂಡು, ಚಿತ್ರವನ್ನು ಅದರ ಶೀರ್ಷಿಕೆಯ ಸಮೀಪಕ್ಕೆ ತಂದು, ಉಳಿದವುಗಳಿಂದ ದೂರ ಸರಿಸಿದರು.

ದೋಷದ ಬೀಜವಿರುವುದು ಇಲ್ಲಿಯೇ. ಕುದುರೆ ಹುಲ್ಲು ಮೇಯುವ ಚಿತ್ರವನ್ನು ದೋಣಿ, ಬೆಟ್ಟ, ಮದುವೆಗಳ ಶೀರ್ಷಿಕೆಗಳಿಂದ ಬೇರ್ಪಡಿಸಲು ‘ಕುದುರೆ’, ‘ಹುಲ್ಲು’ ಎಂಬ ಶಬ್ದಗಳಷ್ಟೇ ಸಾಕು. ಯಾವುದು ಯಾವುದನ್ನು ತಿನ್ನುತ್ತಿದೆಯೆಂಬ ವಿವೇಚನೆಗೆ ಅಲ್ಲಿ ಅಗತ್ಯವೇ ಒದಗುವುದಿಲ್ಲ. ಆದುದರಿಂದ ವಸ್ತುಗಳನ್ನು ಬಲ್ಲ ಈ ಪದ್ಧತಿಯು ಅವುಗಳ ಸಂಬಂಧವನ್ನು ಚೆನ್ನಾಗಿ ಕಲಿಯಲಿಲ್ಲ.

2022ರಲ್ಲಿ ಪ್ರಕಟವಾದ ‘ವಿನೋಗ್ರೌಂಡ್’ ಎಂಬ ಪರೀಕ್ಷೆ ಇದನ್ನು ಸ್ಪಷ್ಟಪಡಿಸಿತು. ಅದರಲ್ಲಿ 400 ಗುಂಪುಗಳಿದ್ದು, ಪ್ರತಿಯೊಂದರಲ್ಲಿಯೂ ಎರಡು ಚಿತ್ರಗಳು, ಒಂದೇ ಶಬ್ದಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ಎರಡು ಇಂಗ್ಲಿಷ್ ವಾಕ್ಯಗಳು ಇವೆ. ಒಂದರಲ್ಲಿ ಗಿಡಗಳು ಬಲ್ಬನ್ನು ಸುತ್ತುವರಿದಿದ್ದರೆ ಇನ್ನೊಂದರಲ್ಲಿ ಬಲ್ಬು ಗಿಡಗಳನ್ನು ಒಳಗೊಂಡಿದೆ. ಎರಡು ವಾಕ್ಯಗಳೂ ತಮ್ಮ ತಮ್ಮ ಚಿತ್ರವನ್ನೇ ಆರಿಸಿದರೆ ಉತ್ತೀರ್ಣ. ಕುರುಡು ಊಹೆಯಿಂದ ಶೇಕಡಾ 25ರಷ್ಟು ಗೆಲ್ಲಬಹುದಾದಲ್ಲಿ ಕ್ಲಿಪ್ ಗೆದ್ದದ್ದು ಸುಮಾರು ಶೇಕಡಾ 10. ಮನುಷ್ಯರು ಗೆದ್ದದ್ದು ಶೇಕಡಾ 88ಕ್ಕೂ ಮೇಲು. ಊಹೆಗಿಂತಲೂ ಹಿಂದುಳಿದುದೇಕೆ? ಎರಡು ವಾಕ್ಯಗಳ ದಿಕ್ಕುಗಳೂ ಬಹುಮಟ್ಟಿಗೆ ಒಂದೇ ಆದಾಗ, ಎರಡೂ ಒಂದೇ ಚಿತ್ರದತ್ತ ವಾಲುತ್ತವೆ. ಆಗ ಒಂದು ಉತ್ತರ ತಪ್ಪಲೇಬೇಕು.

ಇತಿಹಾಸಕಾರನಿಗೆ ಇದು ಸಣ್ಣ ಸಂಗತಿಯಲ್ಲ. ರಾಜನು ದೂತನಿಗೆ ಪತ್ರ ಕೊಡುವುದಕ್ಕೂ ದೂತನು ರಾಜನಿಗೆ ಒಪ್ಪಿಸುವುದಕ್ಕೂ ಇರುವ ಅಂತರವೇ ಅವನ ಪ್ರಶ್ನೆ. ಅದಲ್ಲದೆ, ಈ ಪದ್ಧತಿಯು ಚಿತ್ರಗಳನ್ನು ಸಾಮೀಪ್ಯದ ಕ್ರಮದಲ್ಲಿ ಜೋಡಿಸುತ್ತದೆಯೇ ಹೊರತು ‘ಇಲ್ಲಿಲ್ಲ’ ಎಂದು ತಾನಾಗಿ ಹೇಳುವುದಿಲ್ಲ. ಭಂಡಾರದಲ್ಲಿ ಅಂಥ ಚಿತ್ರವೇ ಇಲ್ಲದಿದ್ದರೂ ಯಾವುದೋ ಒಂದು ಮೊದಲನೆಯ ಸ್ಥಾನದಲ್ಲಿ ನಿಲ್ಲುತ್ತದೆ.

ಪರೀಕ್ಷಿಸುವ ಉಪಾಯ ಸರಳವಾದುದು. ಕರ್ತೃ-ಕರ್ಮಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಬೇಕು. ಮೊದಲ ಹತ್ತು ಚಿತ್ರಗಳು ಬಹುಪಾಲು ಅವೇ ಆಗಿದ್ದರೆ, ವಾಕ್ಯದಲ್ಲಿನ ವಸ್ತುಗಳು ಮಾತ್ರ ಗಣನೆಗೆ ಬಂದಿವೆಯೆಂದು ತಿಳಿಯಬೇಕು. ಶಬ್ದಕ್ರಮ ಕೆಟ್ಟ ಶೀರ್ಷಿಕೆಗಳನ್ನೂ ತಪ್ಪು ಉತ್ತರಗಳಾಗಿ ಕೊಟ್ಟು ಶಿಕ್ಷಣ ನೀಡಿದರೆ ದೋಷ ಸ್ವಲ್ಪ ತಗ್ಗುವುದೆಂದು 2023ರ ಸಂಶೋಧನೆಯೊಂದು ತೋರಿಸಿದೆ, ಪೂರ್ತಿ ನೀಗಲಿಲ್ಲ.

ಆನೆ, ದೋಣಿ, ಛತ್ರಿಗಳಿರುವ ಚಿತ್ರಗಳನ್ನು ರಾಶಿಯಿಂದ ಬೇರ್ಪಡಿಸಲು ಇದು ಒಳ್ಳೆಯ ಜರಡಿ. ಆದರೆ ಯಾರು ಯಾರಿಗೆ ಏನು ಮಾಡಿದರೆಂಬುದಕ್ಕೆ ಇದರ ಕ್ರಮಪಟ್ಟಿಯನ್ನು ಸಾಕ್ಷ್ಯವಾಗಿ ಅಂಗೀಕರಿಸಲಾಗದೆಂಬುದೇ ನಮ್ಮ ಅಭಿಪ್ರಾಯ.