ಎರಡು ದಿನದ ರಿಯಾಯಿತಿ ಯಾರ ಜೇಬಿಗೆ?

ವರ್ಷದಿಂದ ಏನನ್ನೂ ಕೊಳ್ಳದ ಹಳೆಯ ಗಿರಾಕಿಗಳಿಗೆ ‘ನಿಮ್ಮನ್ನು ಕಾಣದೆ ಬಹಳ ದಿನವಾಯಿತು, 48 ಗಂಟೆಯೊಳಗೆ ಆರ್ಡರ್ ಮಾಡಿದರೆ ಶೇ. 20 ರಿಯಾಯಿತಿ’ ಎಂದು ಮೇಲ್ ಕಳಿಸಬೇಕು. ಆನ್‌ಲೈನ್ ವ್ಯಾಪಾರದಲ್ಲಿ ಇದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಮೇಲ್ ಕಳಿಸಿದ ವಾರದಲ್ಲಿ ಕೂಪನ್ ಬಳಸಿ ಬಂದ ಆರ್ಡರ್‌ಗಳನ್ನು ಕೂಡಿಸಿ, ಅಷ್ಟೂ ಮೇಲ್‌ನಿಂದಲೇ ಬಂದದ್ದು ಎಂದು ವರದಿ ಬರೆಯುತ್ತಾರೆ. ನನ್ನ ತಕರಾರು ಇರುವುದು ಈ ಕೂಡಿಸುವ ಲೆಕ್ಕದ ಮೇಲೆಯೇ.

ಚಿಕ್ಕಮಗಳೂರಿನ ಕಾಫಿ ಪುಡಿಯನ್ನು ಆನ್‌ಲೈನಿನಲ್ಲಿ ಮಾರುವ ಒಂದು ಅಂಗಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ವರ್ಷದಿಂದ ಸುಮ್ಮನಿರುವ ಹೆಸರುಗಳು 4,000. ಒಂದು ಆರ್ಡರ್ ಸರಾಸರಿ 800 ರೂಪಾಯಿ, ಅದರಲ್ಲಿ ಅಂಗಡಿಗೆ ಉಳಿಯುವುದು 280. ಮಾಲೀಕರು ಎಲ್ಲರಿಗೂ ಮೇಲ್ ಕಳಿಸದೆ, ಚೀಟಿ ಎತ್ತಿದಂತೆ ಪಟ್ಟಿಯನ್ನು ಎರಡು ಪಾಲು ಮಾಡಿ, 2,000 ಜನರಿಗೆ ಕಳಿಸಿ ಉಳಿದ 2,000 ಜನರನ್ನು ಅವರ ಪಾಡಿಗೆ ಬಿಟ್ಟರು ಎನ್ನಿ. ತಿಂಗಳು ಕಳೆದ ಮೇಲೆ ನೋಡಿದರೆ ಮೇಲ್ ಹೋದವರಲ್ಲಿ 60 ಜನ ಕೊಂಡಿದ್ದಾರೆ. ಮೇಲ್ ಹೋಗದವರಲ್ಲೂ 44 ಜನ ಕೊಂಡಿದ್ದಾರೆ! ಮನೆಗೆ ನೆಂಟರು ಬರುವವರಿದ್ದರು, ಹತ್ತಿರದ ಅಂಗಡಿಯ ಪುಡಿ ರುಚಿಸಲಿಲ್ಲ, ಹೀಗೇ ಯಾವುದೋ ಕಾರಣಕ್ಕೆ ಅವರು ತಾವಾಗಿಯೇ ಬಂದವರು. ಅಂದರೆ ಮೇಲ್ ಕರೆತಂದದ್ದು 60 ಆರ್ಡರ್ ಅಲ್ಲ, 16 ಮಾತ್ರ.

ಆದರೆ ಆ 60 ಜನರೂ ಕೂಪನ್ ಬಳಸಿಯೇ ಕೊಂಡರೆಂದರೆ, ರಿಯಾಯಿತಿ ಕೊಟ್ಟಿದ್ದು 60 ಜನಕ್ಕೂ. ತಲಾ 160 ರೂಪಾಯಿ ಬಿಟ್ಟ ಮೇಲೆ ಆರ್ಡರಿಗೆ ಉಳಿದದ್ದು 120, ಒಟ್ಟು 7,200 ರೂಪಾಯಿ. ಸುಮ್ಮನೆ ಬಿಟ್ಟ ಪಾಲಿನಿಂದ ಬಂದದ್ದು 44ಕ್ಕೆ 280ರಂತೆ 12,320. ವರದಿಯಲ್ಲಿ 38,400 ರೂಪಾಯಿಯ ವ್ಯಾಪಾರ ಎಂದು ಮೆರೆದದ್ದು ಗಲ್ಲಾದಲ್ಲಿ 5,120 ರೂಪಾಯಿಯ ನಷ್ಟ.

ಬಂದವರು ಮುಂದೆ ಪೂರ್ತಿ ಬೆಲೆಗೆ ಕೊಳ್ಳುತ್ತಾರಲ್ಲ ಎಂದು ಸಮರ್ಥಕರು ಹೇಳುತ್ತಾರೆ. ತಳ್ಳಿಹಾಕುವ ಮಾತಲ್ಲ, ಆದರೆ ಅದನ್ನೂ ಎಣಿಸಬೇಕು. ಆ 16 ಜನರೂ ಇನ್ನೊಮ್ಮೆ ಪೂರ್ತಿ ಬೆಲೆಗೆ ಕೊಂಡರೆ ಬರುವುದು 4,480. ಆಗಲೂ 640 ರೂಪಾಯಿ ಕೊರತೆ. ಇನ್ನೊಂದೆಡೆ, ಸುಮ್ಮನಿದ್ದರೆ ಕೂಪನ್ ಬರುತ್ತದೆ ಎಂಬ ಪಾಠ ಕೂಪನ್ ಪಡೆದ 60ರಲ್ಲಿ ಉಳಿದ 44 ಜನಕ್ಕೂ ಸಿಕ್ಕಿದೆ. ‘ಇಂದೇ ಕೊನೆ’ ಎಂದವರು ಮರುದಿನ ‘ನಿಮಗಾಗಿ ಇನ್ನೊಂದು ದಿನ’ ಎಂದು ಬರೆದರಂತೂ ಪಾಠ ಪೂರ್ತಿಯಾದಂತೆ. (ಒಂದು ಎಚ್ಚರಿಕೆ: ಇಷ್ಟು ಸಣ್ಣ ಪಟ್ಟಿಯಲ್ಲಿ 60ಕ್ಕೂ 44ಕ್ಕೂ ಇರುವ ಅಂತರ ಬರೀ ಆಕಸ್ಮಿಕವೂ ಆಗಿರಬಹುದು. ಎರಡು ಮೂರು ಸುತ್ತು ಹೀಗೇ ಪಾಲು ಮಾಡಿ ನೋಡದೆ ಯಾವ ಕಡೆಗೂ ತೀರ್ಪು ಕೊಡಬಾರದು.)

ಇನ್ನು ಆ ‘ಒಂದು ವರ್ಷ’. ತಿಂಗಳಿಗೊಮ್ಮೆ ಪುಡಿ ತರಿಸುತ್ತಿದ್ದ ಮನೆ ಮೂರು ತಿಂಗಳು ಸುಮ್ಮನಾದರೆ ಬೇರೆ ಅಂಗಡಿ ಹಿಡಿಯಿತೆಂದೇ ಲೆಕ್ಕ. ಅವರನ್ನು ವಿಚಾರಿಸಲು ವರ್ಷ ಕಾಯುವುದು ಬಹಳ ತಡವಾಯಿತು. ಗೌರಿ ಹಬ್ಬಕ್ಕೆ ಮಾತ್ರ ರೇಷ್ಮೆ ಸೀರೆ ಕೊಳ್ಳುವವರಿಗೆ ಒಂದು ವರ್ಷದ ಮೌನ ಸಹಜ. ಅವರನ್ನು ಕಳೆದುಕೊಂಡೆವೆಂದು ಕೂಪನ್ ಕಳಿಸುವುದು ದುಡ್ಡು ದಂಡ. ವರ್ಷವೆಂಬ ಗೆರೆ ಸಾಫ್ಟ್‌ವೇರಿಗೆ ಅನುಕೂಲ, ಅಷ್ಟೆ. ಪ್ರತಿ ಗಿರಾಕಿಯ ಎರಡು ಆರ್ಡರ್‌ಗಳ ನಡುವಿನ ಸಾಮಾನ್ಯ ಅಂತರ ನೋಡಿ, ಅದರ ಎರಡು ಮೂರು ಪಟ್ಟು ಕಳೆದಾಗ ಬರೆಯುವುದು ಸರಿ.

ಮೇಲ್ ಕಳಿಸಲು ಖರ್ಚೇ ಇಲ್ಲವಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಹಳೆಯ ಪಟ್ಟಿಯಲ್ಲಿ ಜನ ಬಿಟ್ಟುಹೋದ ವಿಳಾಸಗಳಿರುತ್ತವೆ. ಅವುಗಳಲ್ಲಿ ಕೆಲವನ್ನು ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲು ಬಲೆಯಾಗಿ ಬಳಸುತ್ತಾರೆ. 2024ರ ಫೆಬ್ರವರಿಯಿಂದ ಜಾರಿಗೆ ಬಂದ ಜಿಮೇಲ್ ನಿಯಮದಂತೆ ಸ್ಪ್ಯಾಮ್ ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಎರಡು ಸಾವಿರ ಜನರಲ್ಲಿ, ಈ ಅಂಗಡಿ ಯಾವುದೆಂದೇ ಮರೆತ ಆರು ಜನ ‘ಸ್ಪ್ಯಾಮ್’ ಒತ್ತಿದರೆ ಆ ಗೆರೆ ಮುಟ್ಟಿದಂತೆ. ಅಂಗಡಿಯ ಹೆಸರು ಹೀಗೆ ಕೆಟ್ಟರೆ, ನಿನ್ನೆ ಪೂರ್ತಿ ದುಡ್ಡು ಕೊಟ್ಟವರಿಗೆ ಹೋಗಬೇಕಾದ ಆರ್ಡರ್ ರಸೀದಿಯೂ ಸ್ಪ್ಯಾಮ್ ಡಬ್ಬಿ ಸೇರಬಹುದು. ಎಷ್ಟು ಜನ ಮೇಲ್ ತೆರೆದರು ಎಂಬ ಅಂಕಿಯಿಂದಲೂ ಸಮಾಧಾನಪಡುವಂತಿಲ್ಲ: 2021ರಿಂದ ಆಪಲ್‌ನ ಮೇಲ್ ಆ್ಯಪ್, ಗೌಪ್ಯತೆಯ ಸೌಲಭ್ಯವನ್ನು ಆರಿಸಿಕೊಂಡವರ ಮೇಲ್‌ನ ಚಿತ್ರಗಳನ್ನು ತಾನೇ ಮೊದಲು ತರಿಸಿಕೊಳ್ಳುವುದರಿಂದ, ಓದದ ಮೇಲ್ ಕೂಡ ತೆರೆದಂತೆ ಕಾಣುತ್ತದೆ.

ಹಾಗಾದರೆ ಬರೆಯಲೇಬಾರದೇ? ಬರೆಯಬಹುದು, ಮೊದಲು ರಿಯಾಯಿತಿಯಿಲ್ಲದೆ. ‘ಕಳೆದ ಸಲ ನೀವು ಚಿಕೋರಿ ಬೆರೆಸಿದ ಅರ್ಧ ಕಿಲೋ ಪುಡಿ ತರಿಸಿದ್ದಿರಿ. ಈಗ ಚಿಕೋರಿ ಇಲ್ಲದ್ದೂ ಇದೆ, ಹುರಿದ ದಿನಾಂಕವನ್ನು ಪೊಟ್ಟಣದ ಮೇಲೆ ಹಾಕುತ್ತಿದ್ದೇವೆ. ನಮ್ಮಲ್ಲಿ ಏನಾದರೂ ಹಿಡಿಸದಿದ್ದರೆ ಈ ಮೇಲ್‌ಗೇ ಉತ್ತರಿಸಿ. ಮೇಲ್ ಬೇಡವೆಂದರೆ ಇಲ್ಲಿ ಒತ್ತಿ.’ ದಿನಕ್ಕೆ ಇನ್ನೂರರಂತೆ ಕಳಿಸಿದರೆ ದೂರು ಏರಿದ್ದು ಕಂಡೊಡನೆ ನಿಲ್ಲಿಸಬಹುದು. ಉತ್ತರಿಸಿದವರಲ್ಲಿ ‘ಬೆಲೆ ಜಾಸ್ತಿಯಾಯಿತು’ ಎಂದವರಿಗಷ್ಟೇ ಕೂಪನ್ ಕೊಡಿ. ‘ಪುಡಿ ಹಳಸಲು ವಾಸನೆ ಬರುತ್ತಿತ್ತು’ ಎಂದವರಿಗೆ ಶೇ. 20 ಬಿಟ್ಟುಕೊಟ್ಟರೂ ಅವರು ಅದೇ ಪುಡಿಯನ್ನು ಮತ್ತೆ ತರಿಸುವುದಿಲ್ಲ.