P2₁/c: ಬರೆದದ್ದು ಎರಡು, ಎಣಿಸಬೇಕಾದ್ದು ನಾಲ್ಕು

ಮಾನಸಗಂಗೋತ್ರಿಯ ಭೌತವಿಜ್ಞಾನ ವಿಭಾಗದಿಂದ ಬಂದಿರುವ ಸಾವಯವ ಸ್ಫಟಿಕಗಳ ಸಂಶೋಧನಾ ಲೇಖನಗಳನ್ನು ಓದುವವರಿಗೆ P2₁/c ಎಂಬ ಸ್ಪೇಸ್ ಗ್ರೂಪ್ ಚಿಹ್ನೆ ಆಗಾಗ ಎದುರಾಗುತ್ತದೆ; ಪಕ್ಕದಲ್ಲಿ ಸಾಮಾನ್ಯವಾಗಿ Z = 4, ಅಂದರೆ ಒಂದು ಯುನಿಟ್ ಸೆಲ್‌ಗೆ ನಾಲ್ಕು ಅಣು. ಚಿಹ್ನೆಯಲ್ಲಿ ಕಾಣುವ ಸಮಮಿತಿ ಕ್ರಿಯೆಗಳು ಎರಡೇ ಅಲ್ಲವೇ, ನಾಲ್ಕು ಎಲ್ಲಿಂದ ಬಂತು? ಈ ಚಿಹ್ನೆ ಪೂರ್ಣ ಪಟ್ಟಿಯಲ್ಲ. ಕೆಲವು ಕ್ರಿಯೆಗಳನ್ನು ಮಾತ್ರ ಕೊಟ್ಟು, ಉಳಿದವನ್ನು ಅವುಗಳಿಂದಲೇ ಹುಟ್ಟಿಸಿಕೊಳ್ಳಲು ಬಿಡುತ್ತದೆ. P ಎಂದರೆ ಜಾಲಕದ ಬಿಂದುಗಳು ಸೆಲ್‌ನ ಮೂಲೆಗಳಲ್ಲಿ ಮಾತ್ರ. 2₁ ಎಂದರೆ b ಅಕ್ಷದ ಸುತ್ತ ಅರ್ಧ ಸುತ್ತು ತಿರುಗಿ, ಅದೇ ಅಕ್ಷದ ಗುಂಟ ಅರ್ಧ ಸೆಲ್ ಸರಿಯುವುದು. ಓರೆಗೆರೆಯ ನಂತರದ c, ಆ ಅಕ್ಷಕ್ಕೆ ಲಂಬವಾದ ತಲದಲ್ಲಿ ಪ್ರತಿಫಲಿಸಿ c ದಿಕ್ಕಿಗೆ ಅರ್ಧ ಸೆಲ್ ಸರಿಯುವ ಗ್ಲೈಡ್.

x, y, z ಎಂಬಲ್ಲಿರುವ ಪರಮಾಣುವನ್ನು 2₁ ಒಯ್ಯುವುದು −x, ½+y, ½−z ಗೆ; ಗ್ಲೈಡ್ ಒಯ್ಯುವುದು x, ½−y, ½+z ಗೆ. ಮೊದಲನೆಯದರ ಫಲದ ಮೇಲೆ ಎರಡನೆಯದನ್ನು ನಡೆಸಿದರೆ −x, −y, 1−z ಸಿಗುತ್ತದೆ. ಒಂದು ಪೂರ್ಣ ಸೆಲ್ ಕಳೆದರೆ ಅದು −x, −y, −z: ಚಿಹ್ನೆಯಲ್ಲಿ ಬರೆಯದೇ ಇದ್ದ ವಿಲೋಮ ಕೇಂದ್ರ. ಇದು ಹೀಗೆ ತಾನಾಗಿ ಹೊರಬೀಳುವುದೇ ಈ ಓದಿನ ಸೊಗಸು ಎಂದು ನನಗನಿಸುತ್ತದೆ. 2₁ ಅನ್ನು ಎರಡು ಸಲ ನಡೆಸಿದರೂ ಪರಮಾಣು ಮೂಲ ಜಾಗಕ್ಕೆ ಮರಳದೆ ಮುಂದಿನ ಸೆಲ್‌ಗೆ ಹೋಗುತ್ತದಲ್ಲ, ಹಾಗಾದರೆ ಕ್ರಿಯೆಗಳು ಅನಂತವಲ್ಲವೇ ಎಂದು ಕೇಳಬಹುದು. ಅನಂತವೇ ಹೌದು. ಆದರೆ ಪೂರ್ಣ ಸೆಲ್‌ಗಳ ಸರಿತವಷ್ಟೇ ವ್ಯತ್ಯಾಸವಿರುವ ಕ್ರಿಯೆಗಳನ್ನು ಒಂದೆಂದೇ ಎಣಿಸುತ್ತೇವೆ, ಏಕೆಂದರೆ ಆ ಸರಿತ ಜಾಲಕದ್ದು. ಯಥಾಸ್ಥಿತಿಯೂ ಸೇರಿ ಉಳಿಯುವುದು ನಾಲ್ಕು; ಸಾಮಾನ್ಯ ಸ್ಥಾನಗಳೂ ನಾಲ್ಕು. C2/c ಯಲ್ಲಿ ½, ½, 0 ಎಂಬ ಹೆಚ್ಚುವರಿ ಜಾಲಕ ಸರಿತವಿರುವುದರಿಂದ ಇದೇ ಎಣಿಕೆ ಎಂಟಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಬಟ್ಟೆ ಪೆಟ್ಟಿಗೆಯ ನುಸಿಗುಳಿಗೆಯ ನ್ಯಾಫ್ತಲೀನ್ ಎತ್ತುತ್ತದೆ. ಅದರ ಸ್ಪೇಸ್ ಗ್ರೂಪ್ P2₁/a. ಅಕ್ಷಗಳ ಹೆಸರು ಬದಲಿಸಿದ P2₁/c ಯೇ. ಸೆಲ್‌ನ ಘನ ಅಳತೆ ಸುಮಾರು 360 ಘನ ಆಂಗ್‌ಸ್ಟ್ರಾಮ್. ಹೈಡ್ರೋಜನ್ ಬಿಟ್ಟು ಪ್ರತಿ ಪರಮಾಣುವಿಗೆ ಸುಮಾರು 18 ಎಂಬ ಅಂದಾಜಿನಿಂದ ಭಾಗಿಸಿದರೆ 20 ಇಂಗಾಲ, ಅಂದರೆ ಎರಡೇ ಅಣು. ನಾಲ್ಕರ ಲೆಕ್ಕ ತಪ್ಪಿತೇ? ಇಲ್ಲ. ಅಣುವಿನ ನಡುಬಿಂದು ವಿಲೋಮ ಕೇಂದ್ರದ ಮೇಲೆಯೇ ಕೂತಿದೆ. ಆ ಕ್ರಿಯೆ ಹೊಸ ಅಣುವನ್ನು ಹುಟ್ಟಿಸದೆ, ಅದೇ ಅಣುವಿನ ಅರ್ಧವನ್ನು ಇನ್ನೊಂದು ಅರ್ಧಕ್ಕೆ ಒಯ್ಯುತ್ತದೆ. ಪ್ರತಿ ಇಂಗಾಲ ಮಾತ್ರ ಸಾಮಾನ್ಯ ಸ್ಥಾನದಲ್ಲೇ ಇದ್ದು ನಾಲ್ಕು ಪಟ್ಟಾಗುತ್ತದೆ. ಐದು ಇಂಗಾಲಗಳ ಜಾಗ ಗೊತ್ತಾದರೆ ಇಪ್ಪತ್ತೂ ಗೊತ್ತಾದಂತೆ.

ಹೀಗಾಗಿ P2₁/c ಯಲ್ಲಿ Z = 2 ಬಂದರೆ ಅಣುವಿಗೆ ತನ್ನದೇ ವಿಲೋಮ ಕೇಂದ್ರ ಇರಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯವಿಲ್ಲದಿದ್ದರೆ, ಒಂದೋ ಅಣುಗಳು ಎರಡು ಬಗೆಯಲ್ಲಿ ಅಸ್ತವ್ಯಸ್ತವಾಗಿ ಕೂತಿವೆ, ಇಲ್ಲವೇ ಸ್ಪೇಸ್ ಗ್ರೂಪ್ ತಪ್ಪಿದೆ, P2₁ ಇರಬಹುದು. ಆಗ h0l ಪ್ರತಿಫಲನಗಳಲ್ಲಿ l ಬೆಸವಾಗಿರುವವನ್ನು ಪರೀಕ್ಷಿಸಬೇಕು. c ಗ್ಲೈಡ್ ನಿಜವಾಗಿ ಇದ್ದರೆ ಅವು ಇರಬಾರದು.