ಹೊರಗಿನವರಿಗೆ ತೆರೆದ ಪೋರ್ಟು

ಮನೆಯ ರೌಟರಿನಲ್ಲಿ ಪೋರ್ಟ್ ತೆರೆಯುವ ಪದ್ಧತಿ ನಮ್ಮಲ್ಲಿ ಎರಡು ಪ್ರಯೋಜನಗಳ ನಿಮಿತ್ತವಾಗಿ ಬಳಕೆಗೆ ಬಂದಿದೆ: ಮೈನ್‌ಕ್ರಾಫ್ಟಿನಂಥ ಆಟದ ಸರ್ವರನ್ನು ಮನೆಯ ಕಂಪ್ಯೂಟರಿನಲ್ಲಿಯೇ ನಡೆಸಿ ಗೆಳೆಯರನ್ನು ಆಟಕ್ಕೆ ಕರೆಯುವುದು ಒಂದು, ಅಂಗಡಿಯ, ತೋಟದ ಮನೆಯ, ಅಥವಾ ವೃದ್ಧ ತಂದೆತಾಯಿಗಳಿರುವ ಊರಮನೆಯ ಕ್ಯಾಮೆರಾಗಳನ್ನು ದೂರದಲ್ಲಿದ್ದು ನೋಡುವುದು ಇನ್ನೊಂದು. ರೌಟರಿನ ಪುಟದಲ್ಲಿ ಎರಡಕ್ಕೂ ಮಾಡತಕ್ಕ ಕೆಲಸ ಒಂದೇ ಆಗಿರುವುದರಿಂದ ಇವು ಸಮಾನಜಾತಿಯ ಕಾರ್ಯಗಳೆಂಬ ಗ್ರಹಿಕೆ ಸಹಜವಾಗಿಯೇ ಬೇರೂರಿದೆ. ಈ ಪದ್ಧತಿಯ ದೋಷವೆಲ್ಲ ಆ ಗ್ರಹಿಕೆಯಲ್ಲಿಯೇ ಅಡಗಿದೆಯೆಂದು ನನ್ನ ಮತ. ಆಟದ ಸರ್ವರು ಪರರು ಬರಲೆಂದೇ ಇರುವಂಥದು. ಕ್ಯಾಮೆರಾವಾದರೋ ಮನೆಯವರ ಹೊರತು ಇನ್ನಾರೂ ನೋಡಕೂಡದೆಂದು ಇರುವಂಥದು.

ಹೊರಗಿನಿಂದ ತಾನಾಗಿ ಬಂದ ಸಂಪರ್ಕವನ್ನು ಒಳಗಿನ ಯಾವ ಉಪಕರಣಕ್ಕೆ ತಲುಪಿಸಬೇಕೆಂಬುದು ರೌಟರಿಗೆ ತಿಳಿಯದು. ತಿಳಿಯದ್ದರಿಂದ ಅದನ್ನು ಕೈಬಿಡುತ್ತದೆ. ನಾವು ‘ಪೋರ್ಟ್ ಫಾರ್ವರ್ಡಿಂಗ್’ ಪುಟದಲ್ಲಿ 25565ನೆಯ ಪೋರ್ಟಿಗೆ ಬಂದುದನ್ನೆಲ್ಲ 192.168.1.20 ಎಂಬ ಕಂಪ್ಯೂಟರಿಗೆ ಕಳುಹಿಸೆಂದು ಬರೆದಿಟ್ಟರೆ ಅಂದಿನಿಂದ ಹಾಗೆಯೇ ಕಳುಹಿಸುತ್ತದೆ. ಬಂದವರು ಯಾರೆಂದು ಅದು ವಿಚಾರಿಸುವುದಿಲ್ಲ. ಆ ವಿಚಾರಣೆ ಒಳಗಿರುವ ತಂತ್ರಾಂಶದ ಪಾಲಿಗೆ ಉಳಿಯುತ್ತದೆ. ಆದಕಾರಣ ಪೋರ್ಟ್ ತೆರೆಯುವುದು ಕ್ಷೇಮವೇ ಎಂದು ಸಾಮಾನ್ಯವಾಗಿ ಕೇಳಿ ಫಲವಿಲ್ಲ. ಅದರ ಹಿಂದೆ ಯಾವ ತಂತ್ರಾಂಶ ಕಿವಿಗೊಟ್ಟು ಕುಳಿತಿದೆ, ಅದನ್ನು ತಿದ್ದುವವರು ಇದ್ದಾರೆಯೇ ಎಂದು ಕೇಳಬೇಕು.

ಪೋರ್ಟಿನ ಸಂಖ್ಯೆಯನ್ನು ಬದಲಾಯಿಸಿ ಮರೆಯಾಗಬಹುದೆಂದು ನಂಬಿದವರು ಬಹಳ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಜೀಮ್ಯಾಪ್ ಎಂಬ ಸಾಧನವು, ಉತ್ತಮ ಸಂಪರ್ಕವುಳ್ಳ ಒಂದೇ ಯಂತ್ರದಿಂದ, ಐಪಿವಿ4ರ ಸಮಸ್ತ ಸಾರ್ವಜನಿಕ ವಿಳಾಸಗಳಲ್ಲಿ ಒಂದು ಪೋರ್ಟನ್ನು ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಲ್ಲದೆಂದು ತೋರಿಸಿತು. ಬೇರೊಂದು ಪೋರ್ಟನ್ನೂ ಹಾಗೆಯೇ ತಟ್ಟಬಹುದಾದ್ದರಿಂದ, ನಮ್ಮ ವಿಳಾಸವಾಗಲಿ ಸಂಖ್ಯೆಯಾಗಲಿ ಯಾರಿಗೆ ಗೊತ್ತೆಂಬ ಸಮಾಧಾನಕ್ಕೆ ಆಧಾರ ಉಳಿದಿಲ್ಲ.

ಆಟದ ಪಕ್ಷವನ್ನು ಮೊದಲು ಪರಿಶೀಲಿಸೋಣ. ಸರ್ವರಿನ ಕಡತದಲ್ಲಿ ಮೂರು ಸಾಲುಗಳನ್ನು ಸರಿಯಾಗಿ ಇಟ್ಟವನು ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮುಗಿಸಿದಂತೆ:

```
online-mode=true
white-list=true
enforce-whitelist=true
```

ಮೊದಲನೆಯದು ಬಂದವನ ಖಾತೆ ನಿಜವೇ ಎಂದು ಪರೀಕ್ಷಿಸುತ್ತದೆ. ಉಳಿದೆರಡು, ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಹಿಂದಕ್ಕೆ ಕಳುಹಿಸುತ್ತವೆ. ಹಣ ಕೊಟ್ಟು ಆಟವನ್ನು ಕೊಳ್ಳದ ಗೆಳೆಯನಿಗಾಗಿ ಮೊದಲನೆಯ ಸಾಲನ್ನು `false` ಮಾಡುವ ರೂಢಿ ಹುಡುಗರಲ್ಲಿ ಉಂಟು. ಹಾಗೆ ಮಾಡಿದರೆ ಯಾರು ಬೇಕಾದರೂ ಪಟ್ಟಿಯಲ್ಲಿರುವವನ ಹೆಸರನ್ನು ಹೇಳಿಕೊಂಡು ಒಳಬರಬಹುದಾದ್ದರಿಂದ ಪಟ್ಟಿಯೇ ವ್ಯರ್ಥವಾಗುತ್ತದೆ. ಅಪರಿಚಿತರು ಬಂದು ಕಟ್ಟಡಗಳನ್ನು ಕೆಡವುವುದು ಮಾತ್ರವೇ ಇಲ್ಲಿಯ ಅಪಾಯವೆಂದು ತಿಳಿಯಬಾರದು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ದಾಖಲೆ ಬರೆಯುವ ತಂತ್ರಾಂಶದ ದೋಷ ಬಯಲಾದಾಗ, ಆಟದ ಸಂಭಾಷಣೆಯಲ್ಲಿ ಒಂದು ವಿಶಿಷ್ಟ ಸಾಲನ್ನು ಬೆರಳಚ್ಚಿಸಿದ ಮಾತ್ರಕ್ಕೆ ಸರ್ವರು ನಡೆಯುತ್ತಿದ್ದ ಕಂಪ್ಯೂಟರಿನ ಮೇಲೆಯೇ ಪರರ ಆಜ್ಞೆಯನ್ನು ನಡೆಯಿಸಬಹುದೆಂಬುದು ಸ್ಪಷ್ಟವಾಯಿತು. ತಯಾರಕರು 1.18.1ರಲ್ಲಿ ಅದನ್ನು ಸರಿಪಡಿಸಿದರು. ಹಳೆಯ ಆವೃತ್ತಿಯನ್ನು ಹಾಗೆಯೇ ನಡೆಸುತ್ತಿದ್ದವರ ಮನೆಯ ಲೆಕ್ಕಪತ್ರ, ಭಾವಚಿತ್ರಗಳು ಅದೇ ಕಂಪ್ಯೂಟರಿನಲ್ಲಿದ್ದ ಪಕ್ಷದಲ್ಲಿ ಅವೂ ಅಪಾಯಕ್ಕೆ ಒಳಗಾದವು. ಆದರೂ ತಿದ್ದುಪಡಿ ಬಂದಿತು, ಹಾಕಿಕೊಳ್ಳುವ ಕ್ರಮ ಸುಲಭವಾಗಿತ್ತು, ಆಟ ಮುಗಿದ ಮೇಲೆ ಸರ್ವರನ್ನು ನಿಲ್ಲಿಸುವ ಅವಕಾಶವೂ ಇತ್ತು. ಇಷ್ಟು ಎಚ್ಚರವುಳ್ಳವನು ಆಟಕ್ಕಾಗಿ ಪೋರ್ಟ್ ತೆರೆದರೆ ನಾನು ಆಕ್ಷೇಪಿಸಲಾರೆ.

ಕ್ಯಾಮೆರಾದ ವಿಷಯದಲ್ಲಿ ಈ ಔದಾರ್ಯ ಸಲ್ಲದು. ಅಡಕೆ ಮಂಡಿಯ ಗೋದಾಮಿಗೆ ಡಿವಿಆರ್ ಕೂರಿಸಲು ಬಂದ ಕೆಲಸಗಾರನು ಮಾಡುವುದನ್ನು ನೋಡಿ. ಪಾಸ್‌ವರ್ಡನ್ನು ಪೆಟ್ಟಿಗೆಯ ಮೇಲೆ ಬರೆದಂತೆಯೇ ಬಿಡುತ್ತಾನೆ, ಇಲ್ಲವೆ ಎಲ್ಲ ಗಿರಾಕಿಗಳಿಗೂ ಒಂದನ್ನೇ ಇಡುತ್ತಾನೆ. ಚಿತ್ರಕ್ಕೊಂದು, ಪುಟಕ್ಕೊಂದು, ಮೊಬೈಲಿಗೊಂದು ಎಂದು ಪೋರ್ಟುಗಳನ್ನು ಫಾರ್ವರ್ಡ್ ಮಾಡಿಯೂ ಚಿತ್ರ ಬಾರದಿದ್ದರೆ, ಹೊರಡುವ ಆತುರದಲ್ಲಿ ಡಿವಿಆರಿನ ವಿಳಾಸವನ್ನು ‘ಡಿಎಂಜೆಡ್’ ಎಂಬಲ್ಲಿ ಬರೆದು ಮುಗಿಸುತ್ತಾನೆ. ಚಿತ್ರ ಬರುತ್ತದೆ, ಯಜಮಾನರಿಗೆ ಸಂತೋಷವಾಗುತ್ತದೆ. ಆದರೆ ಬೇರೆಡೆಗೆ ಗೊತ್ತುಮಾಡದ ಎಲ್ಲ ಪೋರ್ಟುಗಳೂ ಅಂದಿನಿಂದ ಆ ಪೆಟ್ಟಿಗೆಯತ್ತ ತೆರೆದಿರುತ್ತವೆ. ದುರಸ್ತಿಗೆಂದು ತಯಾರಕನು ಬಿಟ್ಟಿದ್ದ, ಯಜಮಾನನಿಗೆ ಹೆಸರೂ ತಿಳಿಯದ 23ನೆಯ ಟೆಲ್‌ನೆಟ್ ಪೋರ್ಟು ಸಹ.

2016ರ ಮಿರಾಯ್ ಪ್ರಕರಣವು ಹುಟ್ಟಿದ್ದು ಈ ಟೆಲ್‌ನೆಟ್ಟಿನಿಂದಲೇ. ನಮ್ಮ ಎರಡು ಪ್ರಯೋಜನಗಳೂ ಅದರಲ್ಲಿ ವಿಚಿತ್ರವಾಗಿ ಸಂಧಿಸುತ್ತವೆ. ಮಿರಾಯ್ ಎಂಬ ಆ ದುಷ್ಟ ತಂತ್ರಾಂಶವು ಅಂತರ್ಜಾಲದಲ್ಲಿ ವಿಳಾಸಗಳನ್ನು ಯದೃಚ್ಛೆಯಾಗಿ ತಟ್ಟುತ್ತ, ಟೆಲ್‌ನೆಟ್ ತೆರೆದಿದ್ದಲ್ಲಿ ಕಾರ್ಖಾನೆಯ ಹೆಸರು-ಪಾಸ್‌ವರ್ಡುಗಳ ಅರುವತ್ತು ಚಿಲ್ಲರೆ ಜೋಡಿಗಳನ್ನು ಪ್ರಯೋಗಿಸಿ, ಹೊಕ್ಕ ಉಪಕರಣವನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿತ್ತು. ಆ ಜೋಡಿಗಳಲ್ಲಿ ಒಂದಾದ `root`, `xc3511` ಕ್ಯಾಮೆರಾ ಹಾಗೂ ಡಿವಿಆರುಗಳದು. ಎಷ್ಟೋ ಪೆಟ್ಟಿಗೆಗಳಲ್ಲಿ ಯಜಮಾನನು ವೆಬ್ ಪುಟದ ಪಾಸ್‌ವರ್ಡನ್ನು ಬದಲಾಯಿಸಿದರೂ ಇದು ಬದಲಾಗುತ್ತಿರಲಿಲ್ಲ. ತುತ್ತತುದಿಯಲ್ಲಿ ಸುಮಾರು 6 ಲಕ್ಷ ಉಪಕರಣಗಳು ಅದರ ವಶದಲ್ಲಿದ್ದವು. ಇದನ್ನು ರಚಿಸಿದವರು ಅಮೆರಿಕದ ಮೂವರು ಯುವಕರು. ಅವರಲ್ಲಿ ಪಾರಸ್ ಝಾ ಎಂಬವನು, ಸರ್ವರುಗಳನ್ನು ಇಂಥ ದಾಳಿಗಳಿಂದ ರಕ್ಷಿಸುವ ವ್ಯಾಪಾರವನ್ನು, ಮುಖ್ಯವಾಗಿ ಮೈನ್‌ಕ್ರಾಫ್ಟ್ ನಡೆಸುವವರ ನಡುವೆ, ಮಾಡುತ್ತಿದ್ದವನು! ಎಲ್ಲಿಯೋ ಒಬ್ಬನ ಅಂಗಡಿಯನ್ನು ಕಾಯಬೇಕಾಗಿದ್ದ ಕ್ಯಾಮೆರಾ, ಇನ್ನೆಲ್ಲಿಯೋ ಹುಡುಗರು ಆಡುತ್ತಿದ್ದ ಸರ್ವರನ್ನು ಮುಳುಗಿಸುವ ಕೂಲಿಯಾಗಿತ್ತು. ಆ ತಂತ್ರಾಂಶದ ಮೂಲವು ಸೆಪ್ಟೆಂಬರಿನ ಕೊನೆಯಲ್ಲಿ ಬಹಿರಂಗವಾಗಿ, ಬೇರೆಯವರ ಕೈಸೇರಿ, ಅಕ್ಟೋಬರ್ 21ರಂದು ಜಾಲತಾಣಗಳಿಗೆ ಡಿಎನ್‌ಎಸ್ ಸೇವೆ ಒದಗಿಸುತ್ತಿದ್ದ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದಾಗ ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ತೆರೆಯದಾದವು.

ಈ ರೋಗ ತಗಲಿದ ಡಿವಿಆರು ಎಂದಿನಂತೆ ಚಿತ್ರವನ್ನು ಬರೆದುಕೊಳ್ಳುತ್ತಲೇ ಇರುತ್ತದೆ. ಯಜಮಾನನಿಗೆ ಕಾಣುವುದು, ಯಾರೂ ಏನನ್ನೂ ಕಳುಹಿಸದ ವೇಳೆಯಲ್ಲಿ ಸಂಪರ್ಕವು ಉಸಿರುಕಟ್ಟಿದಂತಾಗುವುದು ಮಾತ್ರ. ಮಿರಾಯ್ ನೆನಪಿನ ಭಾಗದಲ್ಲಿಯೇ ಇರುತ್ತಿದ್ದುದರಿಂದ ವಿದ್ಯುತ್ತನ್ನು ತೆಗೆದು ಹಾಕಿದರೆ ಅಳಿಯುತ್ತಿತ್ತು. ದ್ವಾರ ಹಾಗೆಯೇ ತೆರೆದಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಮರಳುತ್ತಿತ್ತು.

ಹಾಗಾದರೆ ದೂರದಿಂದ ನೋಡುವುದೆಂತು? ಒಬ್ಬಿಬ್ಬರೇ ನೋಡಬೇಕಾದ್ದಕ್ಕೆ ವಿಪಿಎನ್ ಯುಕ್ತವಾದ ಮಾರ್ಗ. ವೈರ್‌ಗಾರ್ಡನ್ನು ರೌಟರಿನಲ್ಲಿಯೋ ಮನೆಯ ಸಣ್ಣ ಕಂಪ್ಯೂಟರಿನಲ್ಲಿಯೋ ನಡೆಸಿದರೆ ಅದಕ್ಕೂ ಒಂದು ಪೋರ್ಟು ಬೇಕು, ನಿಜ. ಆದರೆ ಸರಿಯಾದ ಕೀಲಿಯಿಲ್ಲದೆ ತಟ್ಟಿದವನಿಗೆ ಅದು ಉತ್ತರವನ್ನೇ ಕೊಡದಾದ್ದರಿಂದ ಹುಡುಕುವವನಿಗೆ ಅಲ್ಲೇನಿದೆಯೆಂದು ತಿಳಿಯುವುದಿಲ್ಲ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವು 100.64ರಿಂದ 100.127ರವರೆಗಿನ ಸಂಖ್ಯೆಗಳಿಂದ ಮೊದಲಾಗಿದ್ದರೆ ಸೇವೆ ಕೊಡುವವರು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದಾರೆಂದು ಅರ್ಥ. ಅಲ್ಲಿ ಫಾರ್ವರ್ಡಿಂಗ್ ಎಷ್ಟು ಬರೆದರೂ ಫಲಿಸದು. ಅಂಥವರಿಗೆ ಟೇಲ್‌ಸ್ಕೇಲಿನಂಥ, ಒಳಗಿನಿಂದಲೇ ಹೊರಟು ಸಂಧಿಸುವ ವ್ಯವಸ್ಥೆ ಒದಗುತ್ತದೆ. ಕ್ಯಾಮೆರಾ ತಯಾರಕರ ಮೊಬೈಲ್ ಆ್ಯಪು ಸುಲಭವೆಂಬುದನ್ನು ಅಲ್ಲಗಳೆಯಲಾಗದು. ಅಲ್ಲಿ ನಂಬಿಕೆಯ ಭಾರವೆಲ್ಲ ತಯಾರಕರ ಸರ್ವರಿನ ಮೇಲೆ ಬೀಳುತ್ತದೆ.

ಈಗಾಗಲೇ ಕ್ಯಾಮೆರಾ ಇಟ್ಟವರು ಮೊಬೈಲಿನ ವೈಫೈ ಆರಿಸಿ, ಸಿಮ್ಮಿನ ಡೇಟಾದಲ್ಲಿ, ಮನೆಯ ಸಾರ್ವಜನಿಕ ವಿಳಾಸವನ್ನೂ ಪೋರ್ಟನ್ನೂ ಬ್ರೌಸರಿನಲ್ಲಿ ಬರೆದು ನೋಡಲಿ. ಡಿವಿಆರಿನ ಲಾಗಿನ್ ಪುಟ ಕಂಡರೆ ಅದು ಲೋಕಕ್ಕೆಲ್ಲ ಕಾಣುತ್ತಿದೆ. ಫಾರ್ವರ್ಡಿಂಗ್ ನಿಯಮಗಳನ್ನೂ ಡಿಎಂಜೆಡ್ಡನ್ನೂ ಅಳಿಸಿದ ಮೇಲೆ ಯುಪಿಎನ್‌ಪಿಯನ್ನೂ ಆರಿಸಬೇಕು. ಇಲ್ಲವಾದರೆ ಪೆಟ್ಟಿಗೆಯು ಮರುದಿನ ತಾನೇ ರೌಟರಿಗೆ ಹೇಳಿ ಪೋರ್ಟನ್ನು ತೆರೆಸಿಕೊಳ್ಳಬಹುದು. ಐಪಿವಿ6 ಬಂದಿರುವ ಮನೆಗಳಲ್ಲಿ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಇರುವುದರಿಂದ ಈ ಫಾರ್ವರ್ಡಿಂಗಿನ ಮಾತೇ ಅಲ್ಲಿಗೆ ಅನ್ವಯಿಸದು. ಕಾಯುವುದು ರೌಟರಿನ ಐಪಿವಿ6 ಫೈರ್‌ವಾಲ್ ಒಂದೇ, ಮತ್ತು ಅದನ್ನು ‘ಆಫ್’ ಮಾಡಿ ಹೋದ ಕೆಲಸಗಾರರೂ ಇರಬಹುದಾದ್ದರಿಂದ ಆ ಪುಟವನ್ನು ಬೇರೆಯಾಗಿ ತೆರೆದು ನೋಡಬೇಕಾಗುತ್ತದೆ.